ಒಂದೇ ಸ್ಟಾಪ್, ಬೇರೆ ಬೇರೆ ಹಬ್: ಚಿಕ್ಕಬಳ್ಳಾಪುರದಿಂದ ಶಿಕಾಗೋಗೆ ಟಿಕೆಟ್ ಹೋಲಿಸುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟವರು ಟಿಕೆಟ್ ಬುಕ್ ಮಾಡಿದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚೂ ಕಮ್ಮಿ ಒಂದೇ. "ಕಡಿಮೆ ರೇಟಿಗೆ ಸಿಕ್ತು ಅಂತ ತಗೊಂಡ್ವಿ, ಎರಡನೇ ಬ್ಯಾಗಿಗೆ ದುಡ್ಡು ಕೇಳ್ತಿದ್ದಾರಲ್ಲ?" "ಇಪ್ಪತ್ತು ಗಂಟೆ ಅಂದ್ರು, ಲೆಕ್ಕ ಹಾಕಿದ್ರೆ ಮೂವತ್ತು ಆಗುತ್ತಲ್ಲ?" ತಪ್ಪು ಆಗುವುದು ಹೋಲಿಸುವ ಕ್ರಮದಲ್ಲಿ. ಎಲ್ಲರೂ ಮೊದಲು ರೇಟು ನೋಡುತ್ತಾರೆ, ಆಮೇಲೆ ಗಂಟೆ, ಕೊನೆಗೆ ಬ್ಯಾಗು. ಇದನ್ನು ತಿರುಗಿಸಿದರೆ ಅರ್ಧ ಗೊಂದಲ ಹೋಗುತ್ತದೆ.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆವರೆಗೆ ಎಳೆದುಕೊಂಡು ಹೋಗುತ್ತೇನೆ. ಚಿಕ್ಕಬಳ್ಳಾಪುರದ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿ, ಇಬ್ಬರಿಗೂ ಅರವತ್ತು ದಾಟಿದೆ. ಅಮೆರಿಕದ ವಿಸಿಟರ್ ವೀಸಾ ಇದೆ. ಜೂನ್‌ನಲ್ಲಿ ಶಿಕಾಗೋಗೆ ಹೋಗಿ, ಕೆಲವು ತಿಂಗಳು ಮಗಳ ಮನೆಯಲ್ಲಿದ್ದು ಬರಬೇಕು. ಕೋಲಾರ, ತುಮಕೂರಿನವರಿಗೂ ಲೆಕ್ಕ ಇದೇ, ದೇವನಹಳ್ಳಿ ತಲುಪುವ ಹೊತ್ತು ಮಾತ್ರ ಬೇರೆ.

## ಬೇಕಾಗುವ ಸಾಮಾನು

ಒಂದು ಹಾಳೆ, ಪೆನ್ನು. ಸಾಧ್ಯವಾದರೆ ಮೊಬೈಲ್ ಬದಲು ಲ್ಯಾಪ್‌ಟಾಪ್, ಏಕೆಂದರೆ ಚಿಕ್ಕ ಪರದೆಯಲ್ಲಿ ಮುಖ್ಯವಾದ ಸೂಚನೆಗಳೇ ಮಡಚಿಕೊಂಡಿರುತ್ತವೆ. ಮನೆಯಲ್ಲಿ ಬ್ಯಾಗ್ ತೂಗುವ ಚಿಕ್ಕ ತಕ್ಕಡಿ. ಪಾಸ್‌ಪೋರ್ಟ್ ಮತ್ತು ವೀಸಾ ಎದುರಿಗಿರಲಿ, ಮುಗಿಯುವ ದಿನಾಂಕ ನೋಡಬೇಕಾಗುತ್ತದೆ. ಹುಡುಕಲು ಗೂಗಲ್ ಫ್ಲೈಟ್ಸ್ ಸಾಕು. ಕೊನೆಯ ಪರಿಶೀಲನೆಗೆ ಏರ್‌ಲೈನ್‌ನ ಸ್ವಂತ ವೆಬ್‌ಸೈಟ್ ಬೇಕೇ ಬೇಕು.

## 1. ಹುಡುಕುವ ಮೊದಲೇ ಬ್ಯಾಗ್ ಎಣಿಸಿ, ಹೋಗುವುದಕ್ಕೆ ಬೇರೆ, ಬರುವುದಕ್ಕೆ ಬೇರೆ

ಹಾಳೆಯ ಮೇಲೆ ಮೊದಲ ಸಾಲು ಇದೇ ಆಗಿರಲಿ. ಹೋಗುವಾಗ ಎಷ್ಟು ದೊಡ್ಡ ಬ್ಯಾಗ್? ಬರುವಾಗ ಎಷ್ಟು? ನಮ್ಮ ಮೇಷ್ಟ್ರ ಲೆಕ್ಕ: ಹೋಗುವಾಗ ರಾಗಿಹಿಟ್ಟು, ಸಾರಿನ ಪುಡಿ, ಸೀರೆ ಎಲ್ಲ ಸೇರಿ ನಾಲ್ಕು. ಬರುವಾಗ ಎರಡು ಸಾಕು. ಈ ವ್ಯತ್ಯಾಸವೇ ಮುಂದೆ ಯಾವ ಹಬ್, ಅಂದರೆ ಮಧ್ಯದಲ್ಲಿ ವಿಮಾನ ಬದಲಾಯಿಸುವ ನಿಲ್ದಾಣ, ಅಗ್ಗ ಅನ್ನುವುದನ್ನು ತೀರ್ಮಾನಿಸುತ್ತದೆ.

ಬ್ಯಾಗಿನ ನಿಯಮದಲ್ಲಿ ಎರಡು ಬಗೆ ಇದೆ. ಅಮೆರಿಕ, ಕೆನಡಾ ಕಡೆಗೆ ಸಾಮಾನ್ಯವಾಗಿ ಬ್ಯಾಗ್‌ಗಳ ಸಂಖ್ಯೆ ಲೆಕ್ಕ. ಟಿಕೆಟ್‌ನಲ್ಲಿ `2PC` ಅಂತ ಇದ್ದರೆ ಎರಡು ಬ್ಯಾಗ್, `1PC` ಅಂದರೆ ಒಂದು, `0PC` ಅಂದರೆ ಕೈಚೀಲ ಬಿಟ್ಟು ಏನೂ ಇಲ್ಲ. ಎಕಾನಮಿಯಲ್ಲಿ ಒಂದೊಂದು ಬ್ಯಾಗಿಗೆ 23 ಕೆಜಿ ಮಿತಿ. ಕೊಲ್ಲಿ ದೇಶಗಳ ಮೂಲಕ ಯುರೋಪಿಗೆ ಹೋಗುವವರ ಟಿಕೆಟ್‌ನಲ್ಲಿ `30K` ಥರದ್ದು ಕಾಣಬಹುದು. ಅದು ಒಟ್ಟು ತೂಕ, ಅದರೊಳಗೆ ಎಷ್ಟು ಬ್ಯಾಗಿಗಾದರೂ ಹಂಚಿಕೊಳ್ಳಬಹುದು.

ಸಂಖ್ಯೆಯ ಲೆಕ್ಕದಲ್ಲಿ ಹಂಚಿಕೊಳ್ಳುವಂತಿಲ್ಲ. ಒಂದು ಬ್ಯಾಗ್ 26 ಕೆಜಿ, ಇನ್ನೊಂದು 20 ಕೆಜಿ ಇದ್ದರೆ ಒಟ್ಟು 46 ಆಯಿತಲ್ಲ ಅಂತ ಕೌಂಟರಿನಲ್ಲಿ ವಾದ ಮಾಡುವವರು ಜಾಸ್ತಿ. ವಾದ ನಡೆಯುವುದಿಲ್ಲ. 26 ಕೆಜಿಯದಕ್ಕೆ ಹೆಚ್ಚುವರಿ ತೂಕದ ದುಡ್ಡು ಕೊಡಬೇಕು, ಇಲ್ಲವೇ ಅಲ್ಲೇ ನೆಲದ ಮೇಲೆ ಬಿಚ್ಚಿ ಬದಲಾಯಿಸಬೇಕು. 32 ಕೆಜಿ ದಾಟಿದ ಬ್ಯಾಗನ್ನು ದುಡ್ಡು ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅಳತೆಗೂ ಮಿತಿ ಇದೆ. ಹೆಚ್ಚಿನ ಏರ್‌ಲೈನ್‌ಗಳಲ್ಲಿ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂ.ಮೀ. ಒಳಗಿರಬೇಕು.

ಏನು ತುಂಬುತ್ತೀರಿ ಅನ್ನುವುದರ ಬಗ್ಗೆ ಒಂದು ಮಾತು. ತಿಪಟೂರಿನ ಕೊಬ್ಬರಿಯನ್ನು ಚೆಕ್‌ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಅದರ ಎಣ್ಣೆ ಅಂಶದಿಂದ ಅದು ಬೆಂಕಿ ಹತ್ತುವ ವಸ್ತುಗಳ ಪಟ್ಟಿಯಲ್ಲಿದೆ. ನಮ್ಮ ಕಡೆಯ ದ್ರಾಕ್ಷಿ, ಮಾವು ಬೆಂಗಳೂರಿನಲ್ಲಿ ಪಾಸಾದರೂ ಅಮೆರಿಕದ ಕಸ್ಟಮ್ಸ್‌ನಲ್ಲಿ ನಿಲ್ಲುತ್ತವೆ. ಹಾಗಾಗಿ ಅವುಗಳಿಗಂತ ಒಂದು ಬ್ಯಾಗ್ ಜಾಸ್ತಿ ಲೆಕ್ಕ ಹಾಕಬೇಡಿ.

## 2. ಒಂದೇ ಸ್ಟಾಪ್‌ಗೆ ಸೋಸಿ, ಹಬ್ ಪ್ರಕಾರ ವಿಂಗಡಿಸಿ

ಗೂಗಲ್ ಫ್ಲೈಟ್ಸ್‌ನಲ್ಲಿ ಹೊರಡುವ ಕಡೆ `BLR`, ತಲುಪುವ ಕಡೆ `ORD` ಹಾಕಿ. ಹೋಗಿ ಬರುವ ಎರಡೂ ದಿನಾಂಕ ಕೊಡಿ, ಪ್ರಯಾಣಿಕರು ಇಬ್ಬರು ಅಂತ ಹಾಕಿ. ಒಬ್ಬರಿಗೆ ಹುಡುಕಿ ಎರಡರಿಂದ ಗುಣಿಸುವುದು ಬೇಡ. ಅಗ್ಗದ ದರ್ಜೆಯಲ್ಲಿ ಒಂದೇ ಸೀಟು ಉಳಿದಿದ್ದರೆ, ಇಬ್ಬರಿಗೆ ಹುಡುಕಿದಾಗ ಇಬ್ಬರಿಗೂ ಮೇಲಿನ ದರ್ಜೆಯ ರೇಟು ಬರಬಹುದು.

ಈಗ `Stops` ಒತ್ತಿ `1 stop or fewer` ಆರಿಸಿ. ಆಮೇಲೆ `Connecting airports` ತೆರೆಯಿರಿ. ಅಲ್ಲಿ ಮಧ್ಯದ ವಿಮಾನ ನಿಲ್ದಾಣಗಳ ಪಟ್ಟಿ ಇರುತ್ತದೆ. ದುಬೈ, ದೋಹಾ, ಅಬುಧಾಬಿ ಒಂದು ಗುಂಪು. ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್ ಇನ್ನೊಂದು ಗುಂಪು. ಒಂದೊಂದೇ ಹಬ್ ಉಳಿಸಿ ಮಿಕ್ಕದ್ದನ್ನು ತೆಗೆದು, ಆ ಹಬ್‌ನ ಒಳ್ಳೆಯ ಒಂದು ಆಯ್ಕೆಯನ್ನು ಹಾಳೆಗೆ ಬರೆದುಕೊಳ್ಳಿ. ನಾಲ್ಕು ಹಬ್ ಸಾಕು. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದೇ ಏರ್‌ಲೈನ್‌ನ ಆಯ್ಕೆಗಳೇ ಪುಟ ತುಂಬಿಕೊಂಡು, ಕೆಳಗಿರುವುದು ಕಣ್ಣಿಗೇ ಬೀಳುವುದಿಲ್ಲ.

ಎಚ್ಚರಿಕೆಯ ಗುರುತು: `Self transfer` ಅಥವಾ `Separate tickets booked together` ಅಂತ ಕಂಡರೆ ಅದನ್ನು ಪಟ್ಟಿಯಿಂದ ಹೊಡೆದು ಹಾಕಿ. ಅದು ಎರಡು ಬೇರೆ ಟಿಕೆಟ್. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಏರ್‌ಲೈನ್‌ಗೆ ನಿಮ್ಮ ಹೊಣೆ ಇಲ್ಲ. ಬ್ಯಾಗನ್ನೂ ಮಧ್ಯದಲ್ಲಿ ನೀವೇ ಇಳಿಸಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗುತ್ತದೆ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದ್ದು ನೆನಪಿರಬಹುದು. ಅಂಥ ದಿನ ಒಂದೇ ಟಿಕೆಟ್ ಇದ್ದರೆ ಮುಂದಿನ ದಾರಿ ಹುಡುಕಿಕೊಡುವುದು ಏರ್‌ಲೈನ್ ಕೆಲಸ. ಎರಡು ಟಿಕೆಟ್ ಇದ್ದರೆ ಅದು ನಿಮ್ಮ ಕೆಲಸ.

ಇನ್ನೊಂದು ಬಲೆ, ಒಂದೇ ಊರಿನ ಎರಡು ವಿಮಾನ ನಿಲ್ದಾಣ. ಲಂಡನ್‌ನಲ್ಲಿ ಹೀಥ್ರೂಗೆ ಇಳಿದು ಗ್ಯಾಟ್ವಿಕ್‌ನಿಂದ ಹತ್ತುವುದು, ಪ್ಯಾರಿಸ್‌ನಲ್ಲಿ `CDG`ಗೆ ಇಳಿದು `ORY`ಯಿಂದ ಹತ್ತುವುದು, ಇಂಥವು ಒಂದು ಸ್ಟಾಪ್ ಅಂತಲೇ ಎಣಿಕೆಯಾಗುತ್ತವೆ. ಇಳಿಯುವ ಮತ್ತು ಹತ್ತುವ ಮೂರಕ್ಷರದ ಕೋಡ್ ಒಂದೇ ಇದೆಯಾ ನೋಡಿ.

## 3. ಮಧ್ಯದ ದೇಶ ಟ್ರಾನ್ಸಿಟ್ ವೀಸಾ ಕೇಳುತ್ತದಾ ನೋಡಿ

ದುಬೈ, ದೋಹಾ, ಅಬುಧಾಬಿಯಲ್ಲಿ ಒಂದೇ ಟಿಕೆಟ್ ಮೇಲೆ ವಿಮಾನ ನಿಲ್ದಾಣದ ಒಳಗೇ ಬದಲಾಯಿಸುವವರಿಗೆ ವೀಸಾ ತಲೆನೋವಿಲ್ಲ. ಯುರೋಪಿನ ಕಡೆ ಹಾಗಲ್ಲ. ಬ್ರಿಟನ್ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಒಳಗೇ ಬದಲಾಯಿಸಲೂ ಟ್ರಾನ್ಸಿಟ್ ವೀಸಾ ಕೇಳುತ್ತದೆ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ವಿನಾಯಿತಿ ಕೊಡುತ್ತದೆ.

"ಚಾಲ್ತಿಯಲ್ಲಿರುವ" ಅನ್ನುವುದನ್ನು ಎರಡು ಸಲ ಓದಿ. ಹೋಗುವಾಗ ಮೇಷ್ಟ್ರ ವೀಸಾ ಸರಿ ಇದೆ. ಆದರೆ ಅಮೆರಿಕದಲ್ಲಿರುವಾಗಲೇ ಅದರ ಅವಧಿ ಮುಗಿಯುವಂತಿದ್ದರೆ? ಅಲ್ಲಿ ಇರಲು ಕೊಟ್ಟ ಅನುಮತಿ ಬೇರೆ, ವೀಸಾ ಬೇರೆ. ಹಾಗಾಗಿ ಅವರು ಅಲ್ಲಿ ಕಾನೂನು ಪ್ರಕಾರವೇ ಇದ್ದರೂ, ಬರುವ ದಿನ ಕೈಯಲ್ಲಿರುವುದು ಅವಧಿ ಮುಗಿದ ವೀಸಾ. ಅಂಥವರಿಗೆ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಈ ನಿಯಮಗಳು ಬದಲಾಗುತ್ತಲೂ ಇರುತ್ತವೆ. ಆ ದೇಶದ ಸರ್ಕಾರಿ ಪುಟದಲ್ಲಿ ಬರುವ ದಿನಾಂಕಕ್ಕೆ ನೋಡಿ. ಸಂಶಯ ಉಳಿದರೆ ಕೊಲ್ಲಿಯ ಹಬ್ ಆರಿಸಿ, ಅಷ್ಟೇ.

## 4. ಗಂಟೆಯ ಲೆಕ್ಕ: ಮನೆ ಬಾಗಿಲಿಂದ ಶುರು ಮಾಡಿ

ಟಿಕೆಟ್‌ನಲ್ಲಿರುವ ಎಲ್ಲ ಸಮಯವೂ ಆಯಾ ಊರಿನ ಗಡಿಯಾರದ್ದು. ಬೆಳಗಿನ 4ಕ್ಕೆ ಹೊರಟು ಅದೇ ದಿನ ಸಂಜೆ 4:10ಕ್ಕೆ ಶಿಕಾಗೋ ತಲುಪುತ್ತದೆ ಅಂದರೆ ಹನ್ನೆರಡು ಗಂಟೆಯ ಪ್ರಯಾಣ ಅಲ್ಲ. ಬೇಸಿಗೆಯಲ್ಲಿ ಶಿಕಾಗೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. 12 ಗಂಟೆ 10 ನಿಮಿಷಕ್ಕೆ ಅದನ್ನು ಕೂಡಿಸಿದರೆ 22 ಗಂಟೆ 40 ನಿಮಿಷ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಹನ್ನೊಂದೂವರೆ ಗಂಟೆ ಹಿಂದೆ.

ಜೂನ್‌ನ ಮೂರು ಆಯ್ಕೆ ಹೀಗೆ ಬಂತು ಅಂದುಕೊಳ್ಳಿ. ಹೊರಡುವ ಹೊತ್ತು ಲೆಕ್ಕಕ್ಕಾಗಿ ಹಾಕಿಕೊಂಡದ್ದು. ಹಾರಾಟದ ಅವಧಿ ಮಾತ್ರ ಆ ದಾರಿಗಳಲ್ಲಿ ಹೆಚ್ಚೂ ಕಮ್ಮಿ ಇಷ್ಟೇ ಇರುತ್ತದೆ.

ದುಬೈ ಮೂಲಕ: 4 ಗಂಟೆ 10 ನಿಮಿಷ ಹಾರಾಟ, 3 ಗಂಟೆ ಕಾಯುವುದು, ಮತ್ತೆ ಹದಿನೈದೂವರೆ ಗಂಟೆ ಹಾರಾಟ. ಒಟ್ಟು 22 ಗಂಟೆ 40 ನಿಮಿಷ.

ಫ್ರಾಂಕ್‌ಫರ್ಟ್ ಮೂಲಕ: 10 ಗಂಟೆ ಹಾರಾಟ, 2 ಗಂಟೆ ಕಾಯುವುದು, ಮತ್ತೆ 9 ಗಂಟೆ 20 ನಿಮಿಷ. ಒಟ್ಟು 21 ಗಂಟೆ 20 ನಿಮಿಷ.

ದೋಹಾ ಮೂಲಕ: ನಾಲ್ಕೂವರೆ ಗಂಟೆ, ರಾತ್ರಿಯೆಲ್ಲ 10 ಗಂಟೆ ಕಾಯುವುದು, ಮತ್ತೆ ಹದಿನಾಲ್ಕೂವರೆ ಗಂಟೆ. ಒಟ್ಟು 29 ಗಂಟೆ.

ಹಾರಾಟದ ಗಂಟೆ ಮಾತ್ರ ಕೂಡಿ ನೋಡಿ: 19 ಗಂಟೆ 40 ನಿಮಿಷ, 19 ಗಂಟೆ 20 ನಿಮಿಷ, 19 ಗಂಟೆ. ಮೂರೂ ಒಂದೇ ಅಂತ ಹೇಳಬಹುದು. ಹಬ್ ಬದಲಾದರೆ ಹಾರಾಟ ಕಡಿಮೆಯಾಗುವುದಿಲ್ಲ, ಬೇರೆ ಥರ ಹಂಚಿಕೆಯಾಗುತ್ತದೆ. ಕೊಲ್ಲಿಯ ದಾರಿಯಲ್ಲಿ ಒಂದು ಚಿಕ್ಕದು, ಒಂದು ಬಹಳ ಉದ್ದ. ಯುರೋಪಿನ ದಾರಿಯಲ್ಲಿ ಎರಡೂ ಸಮ. ಮಂಡಿ ನೋವಿರುವವರು ಒಂದೇ ಸಮನೆ ಹದಿನೈದೂವರೆ ಗಂಟೆ ಕೂರುವುದಕ್ಕಿಂತ ಹತ್ತು ಗಂಟೆಗೊಮ್ಮೆ ಇಳಿದು ನಡೆಯುವುದು ವಾಸಿ. ಒಮ್ಮೆ ಕೂತರೆ ಚೆನ್ನಾಗಿ ನಿದ್ದೆ ಮಾಡುವವರಿಗೆ ಉದ್ದದ ಹಾರಾಟವೇ ಒಳ್ಳೆಯದು. ಇದನ್ನು ವೆಬ್‌ಸೈಟ್ ಹೇಳುವುದಿಲ್ಲ, ಹೋಗುವವರನ್ನೇ ಕೇಳಬೇಕು.

ಇನ್ನು ಕಾಯುವ ಹೊತ್ತು. ಎರಡು ಗಂಟೆ ಕಾಗದದ ಮೇಲೆ ಸಾಕು ಅನ್ನಿಸುತ್ತದೆ. ಆದರೆ ಹಬ್‌ನಲ್ಲಿ ಮತ್ತೆ ಸೆಕ್ಯೂರಿಟಿ ಚೆಕ್ ಇರುತ್ತದೆ. ಅಮೆರಿಕದ ವಿಮಾನಕ್ಕೆ ಗೇಟಿನಲ್ಲಿ ಇನ್ನೊಂದು ಸುತ್ತು ವಿಚಾರಣೆ ಇರಬಹುದು, ಗೇಟೂ ಬೇಗ ಮುಚ್ಚುತ್ತದೆ. ವೀಲ್‌ಚೇರ್ ಕೇಳಿದ್ದರೆ ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ, ಆಮೇಲೆ ನಾಲ್ಕಾರು ಜನರನ್ನು ಸೇರಿಸಿ ಕರೆದೊಯ್ಯುತ್ತಾರೆ. ವಯಸ್ಸಾದವರಿಗೆ ಎರಡೂವರೆಯಿಂದ ನಾಲ್ಕು ಗಂಟೆ ನನಗೆ ಸರಿ ಅನ್ನಿಸುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಓಟ, ಆರು ಗಂಟೆ ದಾಟಿದರೆ ಕುರ್ಚಿಯಲ್ಲಿ ಜಾಗರಣೆ.

ಅಬುಧಾಬಿಯದ್ದು ಬೇರೆ ಕಥೆ. ಅಲ್ಲಿ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಅಧಿಕಾರಿಗಳೇ ಕೂತಿರುತ್ತಾರೆ. ಅಮೆರಿಕ ಪ್ರವೇಶದ ತಪಾಸಣೆ ಅಲ್ಲೇ ಮುಗಿಯುತ್ತದೆ. ಶಿಕಾಗೋದಲ್ಲಿ ಇಳಿದಾಗ ಒಳನಾಡಿನ ವಿಮಾನದಿಂದ ಬಂದವರ ಹಾಗೆ ಹೊರಗೆ ನಡೆಯಬಹುದು. ಹಾಗಾಗಿ ಅಲ್ಲಿ ಮೂರು ಗಂಟೆಗಿಂತ ಕಡಿಮೆ ಸಮಯ ಇಟ್ಟುಕೊಳ್ಳಬೇಡಿ. ಅಲ್ಲಿ ಕೊಟ್ಟ ಒಂದು ಗಂಟೆ ಶಿಕಾಗೋದ ಸಾಲಿನಲ್ಲಿ ವಾಪಸ್ ಸಿಗುತ್ತದೆ.

ಈಗ ಮನೆಯಿಂದ ದೇವನಹಳ್ಳಿಗೆ. ಚಿಕ್ಕಬಳ್ಳಾಪುರದವರಿಗೆ ಅದೇ ಹೈವೇಯಲ್ಲಿ ನೆಟ್ಟಗೆ ದಾರಿ, ರಾತ್ರಿಯಾದರೆ ಮುಕ್ಕಾಲು ಗಂಟೆ ಸಾಕು. ತುಮಕೂರಿನವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಬರಬೇಕು, ಎರಡು ಗಂಟೆ ಇಟ್ಟುಕೊಳ್ಳಿ. ಹೊರಡುವ ಮೂರು ಗಂಟೆ ಮೊದಲು ಟರ್ಮಿನಲ್ 2ರಲ್ಲಿರಬೇಕು. ನಮ್ಮಲ್ಲಿಂದ ಬಹಳಷ್ಟು ವಿದೇಶದ ವಿಮಾನ ಹೊರಡುವುದು ನಡುರಾತ್ರಿ ದಾಟಿದ ಮೇಲೆ, ಬೆಳಗಿನ ಜಾವದೊಳಗೆ. ಹಾಗಾಗಿ ದಿನಾಂಕದ ತಪ್ಪು ಆಗುವುದು ಇಲ್ಲೇ. ಜೂನ್ 10ರ ಬೆಳಗಿನ 3ಕ್ಕೆ ವಿಮಾನ ಅಂದರೆ ನೀವು ಮನೆ ಬಿಡುವುದು 9ರ ರಾತ್ರಿ. ಕಾರಿನವರಿಗೆ "ಹತ್ತನೇ ತಾರೀಕು" ಅಂತ ಹೇಳಿ, ಮಾರನೇ ರಾತ್ರಿ ರೆಡಿಯಾಗಿ ಕೂರುವವರಿದ್ದಾರೆ. ತಲುಪುವ ಸಮಯದ ಪಕ್ಕ `+1` ಅಂತ ಇದ್ದರೆ ಅದು ಮರುದಿನ. ಕರೆದುಕೊಂಡು ಹೋಗಲು ಬರುವ ಮಗಳಿಗೆ ಸಮಯದ ಜೊತೆ ದಿನಾಂಕವನ್ನೂ ಹೇಳಿ.

## 5. ಬ್ಯಾಗಿನ ನಿಯಮ ಯಾರದ್ದು ಅಂತ ಗುರುತಿಸಿ

ಒಂದೇ ಟಿಕೆಟ್‌ನಲ್ಲಿ ಮೊದಲ ವಿಮಾನ ಒಬ್ಬರದ್ದು, ಎರಡನೆಯದು ಅವರ ಜೊತೆಗಾರ ಏರ್‌ಲೈನ್‌ನದ್ದು ಆಗಿರಬಹುದು. ಆಗ ಯಾರ ನಿಯಮ? ಅಮೆರಿಕಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ಪ್ರಯಾಣಕ್ಕೆ ಅಲ್ಲಿನ ಸರ್ಕಾರದ ನಿಯಮ ಇದೆ: ಒಂದೇ ಟಿಕೆಟ್ ಆದರೆ ಶುರುವಿನಲ್ಲಿ ಅನ್ವಯವಾದ ಬ್ಯಾಗ್ ಮಿತಿ, ಶುಲ್ಕವೇ ಕೊನೆವರೆಗೆ. ಮಧ್ಯದಲ್ಲಿ ಬದಲಾಯಿಸುವಂತಿಲ್ಲ. ಬೇರೆ ಖಂಡಗಳಿಗೆ ಹೋಗುವವರು ಇದನ್ನು ನಂಬಿಕೊಂಡು ಕೂರಬೇಡಿ, ಟಿಕೆಟ್‌ನಲ್ಲಿ ಪ್ರತಿ ಹಾರಾಟದ ಎದುರು ಏನು ಬರೆದಿದೆ ನೋಡಿ.

ಟಿಕೆಟ್ ಮಾರುವ ವೆಬ್‌ಸೈಟ್‌ನಲ್ಲಿರುವ ಸೂಟ್‌ಕೇಸ್ ಚಿತ್ರವನ್ನು ನಂಬಬೇಡಿ. ಆರಿಸಿದ ವಿಮಾನವನ್ನೇ ಏರ್‌ಲೈನ್‌ನ ವೆಬ್‌ಸೈಟ್‌ನಲ್ಲಿ ತೆರೆದು, ದುಡ್ಡು ಕಟ್ಟುವ ಹಿಂದಿನ ಪುಟದವರೆಗೆ ಹೋಗಿ. ಅಲ್ಲಿ ದರ್ಜೆಯ ಹೆಸರಿರುತ್ತದೆ. ಅದೇ ವಿಮಾನ, ಅದೇ ಎಕಾನಮಿ ಸೀಟು, ಆದರೆ ಕೆಳಗಿನ ದರ್ಜೆಯಲ್ಲಿ ಒಂದು ಬ್ಯಾಗ್ ಅಥವಾ ಏನೂ ಇಲ್ಲ, ಮೇಲಿನದರಲ್ಲಿ ಎರಡು. ಯುರೋಪಿನ ಏರ್‌ಲೈನ್‌ಗಳಲ್ಲಿ `Light` ಅನ್ನುವ ಹೆಸರು ಕಂಡರೆ ನಿಂತು ಓದಿ, ಸಾಮಾನ್ಯವಾಗಿ ಅದರಲ್ಲಿ ಚೆಕ್‌ಇನ್ ಬ್ಯಾಗ್ ಇರುವುದಿಲ್ಲ. ಹೆಚ್ಚುವರಿ ಬ್ಯಾಗಿನ ದರವನ್ನೂ ಅಲ್ಲೇ ನೋಡಿ ಬರೆದುಕೊಳ್ಳಿ. ಆನ್‌ಲೈನ್‌ನಲ್ಲಿ ಮೊದಲೇ ಕಟ್ಟಿದರೆ ಒಂದು ದರ, ಕೌಂಟರಿನಲ್ಲಿ ಕಟ್ಟಿದರೆ ಅದಕ್ಕಿಂತ ಜಾಸ್ತಿ ಇರುವುದೇ ಹೆಚ್ಚು.

ಕೈಚೀಲದ ಮಿತಿಯನ್ನೂ ಬರೆದುಕೊಳ್ಳಿ. ಎಮಿರೇಟ್ಸ್, ಕತಾರ್ ಏರ್‌ವೇಸ್ ಎಕಾನಮಿಯಲ್ಲಿ 7 ಕೆಜಿ, ಲುಫ್ಥಾನ್ಸಾದಲ್ಲಿ 8 ಕೆಜಿ. ಉಪ್ಪಿನಕಾಯಿ, ತುಪ್ಪ ಇದರಲ್ಲಿ ಬೇಡ, 100 ಮಿ.ಲೀ. ದಾಟಿದ ದ್ರವವನ್ನು ಹಬ್‌ನಲ್ಲಿ ಕಿತ್ತುಕೊಳ್ಳುತ್ತಾರೆ.

## 6. ಈಗ ರೇಟು ನೋಡಿ

ಇಲ್ಲಿನ ಅಂಕಿಗಳು ಲೆಕ್ಕ ತೋರಿಸಲು ಹಾಕಿಕೊಂಡವು, ಯಾವ ಏರ್‌ಲೈನ್‌ನ ದರವೂ ಅಲ್ಲ.

ಹೋಗಿ ಬರಲು ಒಬ್ಬರಿಗೆ ದುಬೈ ಮೂಲಕ 1,18,000 ರೂಪಾಯಿ, ಎರಡು ಬ್ಯಾಗ್ ಸೇರಿದೆ. ಫ್ರಾಂಕ್‌ಫರ್ಟ್ ಮೂಲಕ 1,02,000, ಒಂದೇ ಬ್ಯಾಗ್, ಎರಡನೆಯದಕ್ಕೆ ಒಂದು ಕಡೆಗೆ 9,000. ದೋಹಾ ಮೂಲಕ 1,06,000, ಎರಡು ಬ್ಯಾಗ್, ಆದರೆ ರಾತ್ರಿ 10 ಗಂಟೆ ಕಾಯಬೇಕು.

ರೇಟು ಮಾತ್ರ ನೋಡಿದರೆ ಫ್ರಾಂಕ್‌ಫರ್ಟ್ ಕಣ್ಣು ಮುಚ್ಚಿಕೊಂಡು ಗೆಲ್ಲುತ್ತದೆ. ಮಗಳು ಫೋನಿನಲ್ಲಿ ಹೇಳುವುದೂ ಅದನ್ನೇ: "ಅಪ್ಪಾ, ಒಬ್ಬರಿಗೆ ಹದಿನಾರು ಸಾವಿರ ಉಳಿಯುತ್ತೆ." ಈಗ ಹಾಳೆಯ ಮೊದಲ ಸಾಲಿಗೆ ಹೋಗಿ. ಹೋಗುವಾಗ ನಾಲ್ಕು ಬ್ಯಾಗ್, ಬರುವಾಗ ಎರಡು.

ದುಬೈ: ಇಬ್ಬರಿಗೆ 2,36,000. ಇನ್ನೇನೂ ಸೇರುವುದಿಲ್ಲ.

ಫ್ರಾಂಕ್‌ಫರ್ಟ್: 2,04,000, ಜೊತೆಗೆ ಹೋಗುವಾಗ ಎರಡು ಹೆಚ್ಚುವರಿ ಬ್ಯಾಗಿಗೆ 18,000. ಒಟ್ಟು 2,22,000. ಮಗಳು ಬರುವಾಗ "ಇದೊಂದು ಚೂರು ತಗೊಂಡು ಹೋಗಿ" ಅಂತ ಎರಡು ಬ್ಯಾಗ್ ತುಂಬಿಸಿದರೆ ಇನ್ನೂ ಸುಮಾರು 18,000 ಸೇರಿ 2,40,000. ಆಗ ಇದು ದುಬೈಗಿಂತ ದುಬಾರಿ!

ದೋಹಾ: 2,12,000. ವಿಮಾನ ನಿಲ್ದಾಣದ ಒಳಗೇ ಇರುವ ಹೋಟೆಲಿನಲ್ಲಿ ರಾತ್ರಿ ಕಳೆದು ಊಟ ಮಾಡಲು 20,000 ಇಟ್ಟರೆ 2,32,000. ಆರು ಗಂಟೆಗೂ ಹೆಚ್ಚು ತಡ, ಉಳಿತಾಯ ದುಬೈಗಿಂತ ಬರೀ 4,000. ಕುರ್ಚಿಯಲ್ಲೇ ಮಲಗುತ್ತೇವೆ ಅನ್ನುವ ಹುಡುಗರಿಗೆ ಇದು ಒಳ್ಳೆಯ ವ್ಯಾಪಾರ, ಮೇಷ್ಟ್ರಿಗಲ್ಲ.

ಮೊದಲ ಸಲ ಹೋಗುವವರಾದರೆ ನಾನು ದುಬೈ ಅನ್ನುತ್ತೇನೆ. ಫ್ರಾಂಕ್‌ಫರ್ಟ್‌ನಲ್ಲಿ ಉಳಿಯುವ 14,000 ಬರುವಾಗಿನ ಬ್ಯಾಗಿನ ಮೇಲೆ ನಿಂತಿದೆ, ಅದು ನಮ್ಮ ಕೈಯಲ್ಲಿಲ್ಲ. ಅಲ್ಲಿನ ಎರಡು ಗಂಟೆಯೂ ವೀಲ್‌ಚೇರ್ ಜೊತೆಗೆ ಬಿಗಿ. ಹಿಂದೆ ಹೋಗಿ ಬಂದವರು, ಉದ್ದ ಕೂರಲಾಗದವರು ಫ್ರಾಂಕ್‌ಫರ್ಟ್‌ನಲ್ಲೇ ಮೂರು ಗಂಟೆ ಸಿಗುವ ಬೇರೆ ವಿಮಾನ ಇದೆಯಾ ನೋಡಬಹುದು. ಹೋಗುವ ದಾರಿ ಚೆನ್ನಾಗಿದ್ದು, ಬರುವ ದಾರಿಯಲ್ಲಿ ಒಂಬತ್ತು ಗಂಟೆ ಕಾಯಿಸುವ ಟಿಕೆಟ್‌ಗಳೂ ಇರುತ್ತವೆ. ಆದ್ದರಿಂದ 4ನೇ ಹಂತದ ಲೆಕ್ಕವನ್ನು ಎರಡೂ ದಿಕ್ಕಿಗೆ ಮಾಡಿ.

ಮಗಳು ಅಲ್ಲಿಂದ ಡಾಲರಿನಲ್ಲಿ ಬುಕ್ ಮಾಡುವುದಾದರೆ ಅದೇ ದರ್ಜೆ, ಅದೇ ಬ್ಯಾಗ್ ಇದೆಯಾ ನೋಡಿ ಹೋಲಿಸಿ. ನೀವು ಇಲ್ಲಿನ ಕಾರ್ಡಿನಿಂದ ಡಾಲರಿನಲ್ಲಿ ಕಟ್ಟಿದರೆ ಬ್ಯಾಂಕಿನ ವಿದೇಶಿ ವಹಿವಾಟಿನ ಶುಲ್ಕ ಮೇಲೆ ಬೀಳುತ್ತದೆ.

## 7. ಬುಕ್ ಆದ ಮೇಲೆ ಮಾಡಬೇಕಾದ್ದು

ಈ-ಟಿಕೆಟ್ ಬಂದ ಕೂಡಲೇ 13 ಅಂಕಿಯ ಟಿಕೆಟ್ ನಂಬರ್ ಹುಡುಕಿ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಏರ್‌ಲೈನ್‌ನದ್ದು: ಎಮಿರೇಟ್ಸ್ 176, ಕತಾರ್ ಏರ್‌ವೇಸ್ 157, ಎತಿಹಾದ್ 607, ಲುಫ್ಥಾನ್ಸಾ 220. ಒಬ್ಬ ಪ್ರಯಾಣಿಕರಿಗೆ ಎರಡು ವಿಮಾನಕ್ಕೂ ಸೇರಿ ಒಂದೇ ನಂಬರ್ ಇದ್ದರೆ ಅದು ಒಂದೇ ಟಿಕೆಟ್. ಏಜೆಂಟ್ ಕೊಟ್ಟ ಬುಕಿಂಗ್ ನಂಬರ್ ಒಂದೇ ಇದೆ ಅನ್ನುವುದು ಸಾಕ್ಷಿಯಲ್ಲ. ನಂಬರ್ ಎರಡು ಬೇರೆ ಬೇರೆ ಇದ್ದರೆ ಅದೇ ದಿನ ಏಜೆಂಟರನ್ನು ಕೇಳಿ. ಅದೇ ಹಾಳೆಯಲ್ಲಿ ಹೋಗುವ, ಬರುವ ಎಲ್ಲ ಹಾರಾಟದ ಎದುರೂ `2PC` ಇದೆಯಾ ನೋಡಿ. ವೀಲ್‌ಚೇರ್, ಸಸ್ಯಾಹಾರದ ಊಟ ಬೇಕಿದ್ದರೆ ಏರ್‌ಲೈನ್‌ಗೆ ನೇರವಾಗಿ ಹೇಳಿ ಸೇರಿಸಿಸಿ.

ಕೌಂಟರಿನಲ್ಲಿ ಬ್ಯಾಗ್ ಕೊಟ್ಟಾಗ ಅಂಟಿಸುವ ಚೀಟಿಯಲ್ಲಿ ಕೊನೆಯ ಊರು `ORD` ಅಂತಲೇ ಇರಬೇಕು. `DXB` ಅಂತ ಮಾತ್ರ ಇದ್ದರೆ ಬ್ಯಾಗ್ ದುಬೈಗೇ ನಿಲ್ಲುತ್ತದೆ, ಅಲ್ಲೇ ಹೇಳಿ ಬದಲಾಯಿಸಿಕೊಳ್ಳಿ.

ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿದವರು ಎರಡು ಮೂರು ವಾರಕ್ಕೊಮ್ಮೆ ಏರ್‌ಲೈನ್ ವೆಬ್‌ಸೈಟ್‌ನಲ್ಲಿ ಸಮಯ ನೋಡುತ್ತಿರಿ. ಏರ್‌ಲೈನ್‌ನವರು ಒಂದು ವಿಮಾನವನ್ನು ಮುಕ್ಕಾಲು ಗಂಟೆ ಹಿಂದೆ ಮುಂದೆ ಮಾಡಿ, ಸುಮ್ನೆ ಒಂದು ಈಮೇಲ್ ಕಳಿಸಿಬಿಡುತ್ತಾರೆ. ನೀವು ಆರಿಸಿದ ಮೂರು ಗಂಟೆ ಆಗ ಎರಡೂಕಾಲು ಆಗಿರುತ್ತದೆ. ಅಕ್ಟೋಬರ್ ಕೊನೆಯಲ್ಲಿ, ಮಾರ್ಚ್‌ನಲ್ಲಿ ಹೊರಡುವವರು ಇನ್ನೂ ಗಮನಿಸಬೇಕು. ಯುರೋಪಿನ ಗಡಿಯಾರ ಬದಲಾಗುವುದು ಆ ತಿಂಗಳುಗಳ ಕೊನೆಯ ಭಾನುವಾರ, ಅಮೆರಿಕದ್ದು ಬೇರೆ ವಾರ, ಕೊಲ್ಲಿ ದೇಶಗಳದ್ದು ಬದಲಾಗುವುದೇ ಇಲ್ಲ. ವೇಳಾಪಟ್ಟಿ ಸರಿಯುವುದೂ ಅದೇ ಹೊತ್ತಿಗೆ. ಬದಲಾವಣೆ ಒಪ್ಪಿಗೆಯೇ ಅಂತ ಕೇಳುವ ಈಮೇಲ್ ಬಂದರೆ ಒತ್ತುವ ಮೊದಲು ಹೊಸ ಸಮಯ ಲೆಕ್ಕ ಹಾಕಿ. ಕಾಯುವ ಹೊತ್ತು ತೀರಾ ಕಡಿಮೆಯಾಗಿದ್ದರೆ ಒಪ್ಪದೆ ಫೋನ್ ಮಾಡಿ. ಬದಲಾಯಿಸಿದ್ದು ಅವರೇ ಆದ್ದರಿಂದ ಅದೇ ಹಬ್‌ನ ಬೇರೆ ವಿಮಾನಕ್ಕೆ ದುಡ್ಡಿಲ್ಲದೆ ಹಾಕಿಕೊಡಿ ಅಂತ ಕೇಳಲು ನಿಮಗೆ ಸರಿಯಾದ ಕಾರಣ ಇದೆ. ಒಮ್ಮೆ ಒಪ್ಪಿಗೆ ಒತ್ತಿದರೆ ಆ ಕಾರಣ ಕೈ ತಪ್ಪುತ್ತದೆ.